ಬ್ಯಾಂಕಿನ ಉಚಿತ ಸಲಹೆಯೋ, ಇಪ್ಪತ್ತು ಸಾವಿರದ ಸಲಹೆಗಾರರೋ?

ಪ್ರಶ್ನೆ (ಬೆಳೆಗಾರ, ಮೂಡಿಗೆರೆ): ಕಾಫಿ, ಮೆಣಸು ಮಾರಿ 12 ಲಕ್ಷ ಬಂದಿದೆ. ತೋಟದ ಸಾಲ 8 ಲಕ್ಷವಿದೆ, ಬಡ್ಡಿ ಶೇ. 10.5. ವರ್ಷಕ್ಕೆ 4 ಲಕ್ಷದಂತೆ ಹತ್ತು ವರ್ಷ ವಿಮಾ ಪಾಲಿಸಿ ಕಟ್ಟಿ ಎಂದು ಬ್ಯಾಂಕಿನವರು ಹೇಳುತ್ತಾರೆ. ಹಾಸನದ ಸಲಹೆಗಾರರೊಬ್ಬರು ಯೋಜನೆ ಹಾಕಿಕೊಡಲು 20,000 ಶುಲ್ಕ ಕೇಳುತ್ತಾರೆ. ಉಚಿತವಾಗಿ ಸಿಗುವುದಕ್ಕೆ ಹಣ ಏಕೆ ಕೊಡಬೇಕು?

ಹಣಕಾಸು ಸಲಹೆಗಾರರು, ಚಿಕ್ಕಮಗಳೂರು: ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ ನೋಡಿ ಸರ್: "ಮೊದಲು ಸಾಲ ತೀರಿಸಲೇ?" ಎಂಟು ಲಕ್ಷಕ್ಕೆ ವರ್ಷದ ಬಡ್ಡಿಯೇ 84,000. ಆದರೆ ನೀವು ಸಾಲ ತೀರಿಸಿದರೆ ಪಾಲಿಸಿ ಮಾರುವವರಿಗೆ ಕಮಿಷನ್ ಹುಟ್ಟುವುದಿಲ್ಲ. ಶುಲ್ಕ ಪಡೆಯುವವರಿಗೆ ನೀವು ಏನನ್ನೂ ಕೊಳ್ಳದಿದ್ದರೂ ಅವರ ಇಪ್ಪತ್ತು ಸಾವಿರ ಬರುತ್ತದೆ, ಹಾಗಾಗಿ ಅವರು ಕೂತು ಲೆಕ್ಕ ಹಾಕಬಲ್ಲರು. ಪೂರ್ತಿ ತೀರಿಸಿದರೆ ಕೈಯಲ್ಲಿ ನಾಲ್ಕು ಲಕ್ಷ ಉಳಿಯುತ್ತದೆ. ಮುಂದಿನ ಕೊಯ್ಲಿನವರೆಗಿನ ಕೂಲಿ, ಗೊಬ್ಬರಕ್ಕೆ ಅದು ಸಾಕೇ? ಸಾಲದು ಎಂದಾದರೆ ಸಾಲದ ಒಂದು ಭಾಗವನ್ನಷ್ಟೇ ತೀರಿಸಬೇಕಾದೀತು. ಮಳೆ ಕೈಕೊಟ್ಟ ವರ್ಷವೂ 4 ಲಕ್ಷದ ಕಂತು ಹೇಗೆ ಕಟ್ಟುತ್ತೀರಿ? ಸಂಬಳದವರಿಗೆ ಮಾತ್ರ ಯೋಜನೆ ಹಾಕಿ ರೂಢಿಯಿರುವವರು ಈ ಪ್ರಶ್ನೆ ಕೇಳುವುದೇ ಇಲ್ಲ. ವರ್ಷಕ್ಕೊಮ್ಮೆ ಆದಾಯ ಬರುವ ಬೆಳೆಗಾರರಿಗೆ ಹಿಂದೆ ಯೋಜನೆ ಮಾಡಿದ್ದಾರೆಯೇ ಎಂದು ಖಂಡಿತ ವಿಚಾರಿಸಿ.

ಅಂಗಡಿ ಮಾಲೀಕ, ಅರಸೀಕೆರೆ: ಎಆರ್‌ಎನ್ ಸಂಖ್ಯೆ ಇದ್ದರೆ ಸಾಕು, ಅವರು ನೋಂದಾಯಿತರೇ. ನನ್ನ ಪರಿಚಯದವರು ಶುಲ್ಕವನ್ನೇ ಕೇಳುವುದಿಲ್ಲ.

ಹಣಕಾಸು ಸಲಹೆಗಾರರು: ನೋಂದಾಯಿತರು ನಿಜ, ಆದರೆ ಮ್ಯೂಚುವಲ್ ಫಂಡ್ ವಿತರಕರಾಗಿ. ಅವರ ಆದಾಯ ನಿಮ್ಮ ಫಂಡಿನ ವೆಚ್ಚದೊಳಗಿಂದಲೇ ಹೋಗುತ್ತದೆ. ಅದೇ ಫಂಡಿನ ಡೈರೆಕ್ಟ್ ಪ್ಲಾನ್‌ನಲ್ಲಿ ಆ ಕಮಿಷನ್ ಇರುವುದಿಲ್ಲ. ವ್ಯತ್ಯಾಸ ಶೇ. 0.8 ಎಂದುಕೊಳ್ಳಿ, 30 ಲಕ್ಷಕ್ಕೆ ವರ್ಷಕ್ಕೆ 24,000. ಒಳ್ಳೆಯ ವಿತರಕರೂ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಉಚಿತ ಎನ್ನಬೇಡಿ. ಸಲಹೆಗಾರರ ಸೆಬಿ ನೋಂದಣಿ ಸಂಖ್ಯೆ INA ಎಂದು ಆರಂಭವಾಗುತ್ತದೆ. ಕಾರ್ಡಿನ ಮೇಲೆ ನೋಡಿ ನಂಬದೆ, ಸೆಬಿ ಜಾಲತಾಣದ ಪಟ್ಟಿಯಲ್ಲಿ ಹೆಸರು ಹುಡುಕಿ.

ನಿವೃತ್ತ ಶಿಕ್ಷಕಿ, ಬೇಲೂರು: ನಾನು ಇಂಥದ್ದೇ ಪಾಲಿಸಿಗೆ ಎರಡು ಕಂತು ಕಟ್ಟಿದ್ದೇನೆ. ನಿಲ್ಲಿಸಲೇ?

ಹಣಕಾಸು ಸಲಹೆಗಾರರು: ಪಾಲಿಸಿ ಪತ್ರ ನೋಡದೆ ಹೇಳಲಾಗದು ಮೇಡಂ. ಈಗ ಬಿಟ್ಟರೆ ಕೈಗೆ ಬರುವ ಮೊತ್ತವನ್ನು ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿಯವರೆಗೆ ನಿರ್ಧರಿಸಬೇಡಿ.

ಬೆಳೆಗಾರ, ಮೂಡಿಗೆರೆ: ಹಾಸನದವರ ಹೆಸರು ಸೆಬಿ ಪಟ್ಟಿಯಲ್ಲಿದೆ. ಆದರೆ ಅವರ ಪತ್ನಿ ವಿಮಾ ಏಜೆಂಟ್ ಎಂದು ತಿಳಿಯಿತು.

ಹಣಕಾಸು ಸಲಹೆಗಾರರು: ಕೇಳಲೇಬೇಕಾದ ವಿಷಯವನ್ನೇ ಹಿಡಿದಿದ್ದೀರಿ. ಕಮಿಷನ್ ಅವರ ಕೈಗೆ ಬಾರದೆ ಮನೆಗೆ ಬಂದರೂ ಸಲಹೆ ವಾಲುತ್ತದೆ. ತಾವಾಗಲಿ ಮನೆಯವರಾಗಲಿ ನಿಮಗೆ ಏನನ್ನೂ ಮಾರುವುದಿಲ್ಲ, ನಿಮ್ಮಿಂದ ಬೇರೆ ಆದಾಯ ಪಡೆಯುವುದಿಲ್ಲ ಎಂದು ಒಪ್ಪಂದದಲ್ಲಿ ಬರೆಸಿ, ಸಹಿಯಾದ ಮೇಲೆಯೇ ಶುಲ್ಕವನ್ನು ಬ್ಯಾಂಕ್ ಮೂಲಕ ಕೊಡಿ. ಬರೆದುಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.