ಅಪ್‌ಡೇಟ್: 1.25 ಪಿಚ್‌ನ 6 ಪಿನ್ ಕನೆಕ್ಟರ್ ಯಾವುದಂತ ಗೊತ್ತಾತು

ಕೇಳಿದ್ದು: "ಡ್ರೋನ್ ಜಿಪಿಎಸ್‌ನ 6 ಪಿನ್ ಸಾಕೆಟ್‌ಗೆ ಹುಬ್ಬಳ್ಳಿ ಅಂಗಡ್ಯಾಗ 1.25 ಅಂತ ಕೊಟ್ಟ ಕೇಬಲ್ ಕೂಡ್ರವಲ್ದು. ಇದು ಯಾವ ಜಾತಿ?"

ಇದು ಜೆಎಸ್‌ಟಿ ಕಂಪನಿಯ ಜಿಎಚ್ ಜಾತಿ. ಅಂಗಡಿ ಕೇಬಲ್ ಮೊಲೆಕ್ಸ್ ಪಿಕೋಬ್ಲೇಡ್ ಇತ್ತು. ಎರಡರದ್ದೂ ಪಿಚ್, ಅಂದ್ರ ಪಿನ್‌ನಿಂದ ಪಿನ್‌ಗೆ ಇರೋ ಅಂತರ, 1.25 ಮಿ.ಮೀ. ಇರೋದೇ ಗೊಂದಲದ ಮೂಲ.

ಫೋಟೋ ಹೋಲಿಸ್ರಿ ಅಂದ ಸಲಹೆ ಉಪಯೋಗಕ್ಕ ಬರಲಿಲ್ಲ. ಎರಡು ಪಿನ್ ನಡುವಿನ ಒಂದೇ ಅಂತರ ಅಳೆದ್ರೂ ಆಗಲಿಲ್ಲ. ಕ್ಯಾಲಿಪರ್ ಕೂದಲೆಳೆಯಷ್ಟು ಸರಿದ್ರ 1.25, 1.27 ಎರಡೂ ಒಂದೇ ಕಾಣ್ತಾವ. ಕೆಲಸ ಮಾಡಿದ್ದು ಬೋರ್ಡಿಗೆ ಬೆಸುಗೆ ಹಾಕಿದ ಕಾಲುಗಳನ್ನ ಒಟ್ಟಿಗೇ ಅಳೆಯೋ ಸಲಹೆ. ಮೊದಲ ಕಾಲಿನ ಹೊರ ಅಂಚಿಂದ ಕೊನೇದರ ಹೊರ ಅಂಚಿಗೆ 6.47 ಬಂತು. ಒಂದು ಕಾಲಿನ ಅಗಲ 0.22 ಕಳೆದ್ರ 6.25. ಆರು ಕಾಲಿಗೆ ಅಂತರ ಐದು, ಅಂದ್ರ 1.25. ಪಿಚ್ 1.27 ಆಗಿದ್ರ 6.35 ಬರತಿತ್ತು, ಆ ವ್ಯತ್ಯಾಸ ಕ್ಯಾಲಿಪರ್‌ಗೆ ಸಲೀಸಾಗಿ ಸಿಗ್ತದ.

ಆದ್ರ ಅಳತಿ ಇಲ್ಲಿಗೇ ನಿಲ್ತದ, ಮುಂದ ಕಣ್ಣಿನ ಕೆಲಸ. ಜಿಎಚ್ ಹೌಸಿಂಗ್ ಬೆನ್ನಿಗೆ ಒತ್ತಿ ಬಿಡಿಸೋ ಸಣ್ಣ ಲಾಕ್ ಐತಿ. ಪಿಕೋಬ್ಲೇಡ್‌ಗೆ ಅದಿಲ್ಲ, ಬರೀ ಬಿಗಿತದಿಂದ ಹಿಡಕೊಂಡಿರ್ತದ. ತರಿಸುವಾಗ GHR-06V-S ಅಂತ ನಂಬರ್ ಕೊಟ್ಟೇ ಕೇಳ್ರಿ, "1.25 ಜೆಎಸ್‌ಟಿ" ಅಂದ್ರ ಎರಡರಾಗ ಯಾವುದಾದ್ರೂ ಬಂದೀತು.

ಬೆರಗಾಗಿದ್ದು ಬೇರೆ. ಹೊಸ ಜಿಎಚ್ ಕೇಬಲ್ ಸರಿಯಾಗಿ ಕೂತ್ರೂ ಒಂದು ತುದಿಯ 1ನೇ ಪಿನ್ ಇನ್ನೊಂದು ತುದಿಯ 6ಕ್ಕ ಹೋಗಿತ್ತು. ಪಿಕ್ಸ್‌ಹಾಕ್ ಅನ್ನೋ ಡ್ರೋನ್ ಕಂಟ್ರೋಲರ್‌ನ ಜೋಡಣೆಯಾಗ 1 ಅಂದ್ರ 5 ವೋಲ್ಟ್, 6 ಅಂದ್ರ ಗ್ರೌಂಡ್. ವೈರಿನ ಬಣ್ಣ ನಂಬಬ್ಯಾಡ್ರಿ, ಮಲ್ಟಿಮೀಟರ್ ಬೀಪ್ ಹಚ್ಚಿ ನೋಡಿ, ಆಮ್ಯಾಲ ಪವರ್ ಕೊಡ್ರಿ.