ಸಹಾಯ ಬೇಕು: ಫೋಟೋದಲ್ಲಿರೋ ಬೇರಿಂಗ್ ಸಿಗುತ್ತಾ, ರೇಟ್ ಎಷ್ಟು?

ನಮಸ್ಕಾರ ಸರ್, ಗುಂಪಿನಲ್ಲಿರೋ ಬೇರಿಂಗ್ ಅಂಗಡಿಯವರು ಫೋಟೋ ನೋಡಿ ದಯವಿಟ್ಟು ಹೇಳಿ. ಸಂಪಿನ ಅರ್ಧ ಎಚ್‌ಪಿ ಮೋನೋಬ್ಲಾಕ್ ಪಂಪಿಂದ ಬಿಚ್ಚಿದ್ದು. ಓಡುವಾಗ ಕರಕರ ಸದ್ದು, ಕೈಯಲ್ಲಿ ತಿರುಗಿಸಿದ್ರೆ ಒಂದು ಕಡೆ ಕಚ್ಚುತ್ತೆ.

ಅಂಚಿನ ನಂಬರು ತುಕ್ಕು ಹಿಡಿದು ಅಳಿಸಿದೆ. ಡೀಸೆಲ್‌ನಲ್ಲಿ ಒರೆಸಿ, ಸೀಮೆಸುಣ್ಣ ತಿಕ್ಕಿ, ಟಾರ್ಚ್ ಓರೆಯಾಗಿ ಹಿಡಿದ್ರೆ 620 ಅಂತ ಮಾತ್ರ ಕಾಣುತ್ತೆ, ಕೊನೇ ಅಂಕಿ ಹೋಗಿದೆ. ವರ್ನಿಯರ್‌ನಲ್ಲಿ ಅಳೆದಾಗ ಒಳಗಿನ ತೂತು 15 ಮಿ.ಮೀ., ಹೊರಗಿನ ಅಳತೆ 35, ದಪ್ಪ 11 ಬಂತು. ಹಾಗಾಗಿ ಇದು 6202. 6203 ಆಗಿದ್ರೆ 17, 40, 12 ಬರಬೇಕಿತ್ತು.

ಗೊಂದಲ ಇರೋದು ನಂಬರಿನ ಮುಂದಿನ ಅಕ್ಷರದಲ್ಲಿ. ಈಗಿರೋದಕ್ಕೆ ಎರಡೂ ಪಕ್ಕ ತಗಡಿನ ಮುಚ್ಚಳ ಇದೆ, ಅಂದ್ರೆ ಝೆಡ್‌ಝೆಡ್. ಪಂಪಿನ ಸೀಲ್ ಸೋರಿ ನೀರು ಇದರೊಳಗೆ ಇಳಿದಿದೆ. ತಗಡು ಒಳಗಿನ ರಿಂಗಿಗೆ ತಾಗೋದಿಲ್ಲ, ಆ ಸಂದಿಯಲ್ಲೇ ನೀರು ಹೋಗುತ್ತೆ. ಸೀಲನ್ನೂ ಹೊಸದು ಹಾಕ್ತೀವಿ. ಆದ್ರೂ ಈ ಸಲ ರಬ್ಬರ್ ಮುಚ್ಚಳದ 2ಆರ್‌ಎಸ್ ಹಾಕೋಣ ಅಂತ. ಅಳತೆ ಅದೇ, ಆದ್ರೆ ರಬ್ಬರ್ ಉಜ್ಜೋದ್ರಿಂದ ತುಸು ಬಿಸಿ ಜಾಸ್ತಿ. ಕೊನೆಯಲ್ಲಿ ಮಸುಕಾಗಿ ಸಿ3 ಅಂತ ಇದ್ದ ಹಾಗಿದೆ, ಅದು ಬಿಸಿಯಾದಾಗ ಬಿಗಿಯಾಗದಂತೆ ಒಳಗೆ ಸಡಿಲ ಜಾಸ್ತಿ ಇರೋದು.

6202 2ಆರ್‌ಎಸ್ ಸಿ3 ನಿಮ್ಮಲ್ಲಿ ಎರಡು ಇದ್ಯಾ? ಜಿಎಸ್‌ಟಿ ಸೇರಿ ಒಂದಕ್ಕೆ ಎಷ್ಟು? ಸಿ3 ಇಲ್ಲಾಂದ್ರೆ ಈ ಪಂಪಿಗೆ ಸಾದಾದ್ದು ನಡೆಯುತ್ತಾ?