ಪದಚರ್ಚೆ: ಹತ್ತಿರದ ಫೋಟೋಗೆ ‘ಸಂಗಮ ದೂರ’ ಎನ್ನಬಹುದೇ?

ಪ್ರಶ್ನೆ

ಫೋನಿನಲ್ಲಿ ಹೂವು, ಸಣ್ಣ ಹುಳುಗಳ ಫೋಟೋ ತೆಗೆಯುವ ಬಗ್ಗೆ ಒಂದು ಕಿರುಬರಹ ತಿದ್ದುತ್ತಿದ್ದೇನೆ. ಅದರಲ್ಲಿ “ಈ ಫೋನಿನ ಸಂಗಮ ದೂರ 3 ಸೆಂ.ಮೀ., ಇನ್ನೂ ಹತ್ತಿರ ಹೋದರೆ ಇರುವೆ ಮಸುಕಾಗುತ್ತದೆ” ಎಂದಿದೆ. ಈ ಪದ ಇಲ್ಲಿ ಸರಿಯೇ? ಮುಂದೆ “ಗಾಳಿಯಲ್ಲಿ ಸ್ಥಿರತೆ ಮುಖ್ಯ” ಎಂದೂ ಇದೆ. ಯಾವುದರ ಸ್ಥಿರತೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಉತ್ತರ 1

ಸರಿಯಾಗೇ ಇದೆ. ಶಾಲೆಯಲ್ಲೂ ಸಂಗಮ ದೂರ ಎಂದೇ ಓದಿದ್ದೇವೆ. ಅಷ್ಟು ಹತ್ತಿರ ಹೋಗಲು ಆಗದಿದ್ದರೆ ಜೂಮ್ ಮಾಡಿ ಎಂದು ಸೇರಿಸಿಬಿಡಿ.

ಉತ್ತರ 2

ಶಾಲೆಯಲ್ಲಿ ಓದಿದ್ದು ಲೆನ್ಸಿನ ಗುಣದ ಬಗ್ಗೆ. ಫೋನಿನ ಲೆನ್ಸಿನಲ್ಲಿ ಸಂಗಮ ದೂರ ಕೆಲವೇ ಮಿಲಿಮೀಟರ್. ಬರಹ ಹೇಳುತ್ತಿರುವುದು ಹುಳುವಿನಿಂದ ಎಷ್ಟು ದೂರ ಇರಬೇಕು ಎಂದು. ಅದಕ್ಕೆ ‘ಫೋಕಸ್ ಆಗುವ ಅತಿ ಹತ್ತಿರದ ದೂರ’ ಎನ್ನಿ. ಉದ್ದವಾದರೂ ಗೊಂದಲವಿಲ್ಲ.

‘ಈ ಫೋನಿನ’ ಎಂಬ ಮಾತನ್ನೂ ತಿದ್ದಬೇಕು. ಒಂದೊಂದು ಕ್ಯಾಮೆರಾಗೆ ಒಂದೊಂದು ದೂರ. ಮುಖ್ಯ ಕ್ಯಾಮೆರಾಗೆ ಸಾಮಾನ್ಯವಾಗಿ 10 ಸೆಂ.ಮೀ. ಅಥವಾ ಜಾಸ್ತಿ ಬೇಕು. ಮ್ಯಾಕ್ರೋ ಇರುವ ಫೋನುಗಳಲ್ಲಿ ಅಗಲ ನೋಟದ ಕ್ಯಾಮೆರಾ 2–3 ಸೆಂ.ಮೀ.ವರೆಗೂ ಹೋಗಬಲ್ಲದು. ಆದರೆ ಅಷ್ಟು ಹತ್ತಿರದಲ್ಲಿ ಫೋನಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ, ಹುಳುವೂ ಹಾರಿಹೋಗುತ್ತದೆ. ಹಾಗಾಗಿ ಜೂಮ್ ಸಲಹೆ ಅರ್ಧ ಸರಿ. ಮುಖ್ಯ ಕ್ಯಾಮೆರಾದಲ್ಲೇ 2 ಪಟ್ಟು ಮಾಡಿ ಸ್ವಲ್ಪ ದೂರದಿಂದ ತೆಗೆಯುವುದು ನನಗೆ ಇಷ್ಟ. ಇನ್ನೂ ಜಾಸ್ತಿ ಮಾಡಿದರೆ ದೂರದ ಲೆನ್ಸ್ ಬೇಕಾಗುತ್ತದೆ. ಹಲವು ಫೋನುಗಳಲ್ಲಿ ಅದು ಹತ್ತಿರದ ಹೂವಿಗೆ ಫೋಕಸ್ ಆಗುವುದೇ ಇಲ್ಲ. ಆಗ ಫೋನು ಸದ್ದಿಲ್ಲದೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತದೆ. ಒಂದೊಂದೇ ಲೆನ್ಸಿಗೆ ಬೆರಳು ಅಡ್ಡ ಹಿಡಿದು ನೋಡಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಯಿತೋ ಅದೇ ಕೆಲಸ ಮಾಡುತ್ತಿದೆ.

ಉತ್ತರ 3

ಸ್ಥಿರತೆ ಅಂದರೆ ಸ್ಟ್ಯಾಂಡ್ ಅಲ್ವಾ? ನಾನು ಸ್ಟ್ಯಾಂಡ್ ಹಾಕಿಯೇ ತೆಗೆದೆ. ಆದರೂ ಬಲೆಯ ಮೇಲಿನ ಜೇಡ ಮಸುಕು. ಫೋನಿನಲ್ಲೇ ಏನೋ ದೋಷ ಇರಬೇಕು.

ಉತ್ತರ 2

ಫೋನು ಅಲುಗಲಿಲ್ಲ, ಬಲೆ ಅಲುಗಿತು. ಸ್ಟ್ಯಾಂಡ್ ಆಗಲಿ, ಫೋನಿನೊಳಗಿನ ನಡುಕ ತಡೆಯಾಗಲಿ ನಮ್ಮ ಕೈಯ ಅಲುಗಾಟವನ್ನಷ್ಟೇ ತಡೆಯುತ್ತವೆ. ಅದಕ್ಕೇ ‘ಸ್ಥಿರತೆ’ ಒಂದೇ ಪದ ಸಾಲದು. ‘ಕೈನಡುಕ’, ‘ಹೂವಿನ ತೂಗಾಟ’ ಎಂದು ಬೇರೆಬೇರೆ ಬರೆಯಿರಿ.

ತೂಗಾಟದಲ್ಲೂ ಎರಡು ಬಗೆ. ಹೂವು ಅಡ್ಡಡ್ಡ ತೂಗಿದರೆ ಚಿತ್ರ ಒಂದೇ ದಿಕ್ಕಿಗೆ ಸವರಿದಂತೆ ಕಾಣುತ್ತದೆ. ಅದಕ್ಕೆ ಶಟರ್ ವೇಗ ಸೆಕೆಂಡಿನ 1/500ರಷ್ಟು ಇಟ್ಟರೆ ಸಾಮಾನ್ಯವಾಗಿ ಸಾಕು. ನಮ್ಮ ಕಡೆಗೆ ಬಂದು ಹೋದರೆ ವೇಗದಿಂದ ಉಪಯೋಗವಿಲ್ಲ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್. ಹೂವು 1 ಸೆಂ.ಮೀ. ಹಿಂದೆ ಹೋದರೂ ಹುಳು ಫೋಕಸ್ ತಪ್ಪುತ್ತದೆ, ಮುಂದಿನ ಎಸಳು ಮಾತ್ರ ಸ್ಪಷ್ಟವಾಗಿರಬಹುದು. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಹುಳು ಮತ್ತೆ ಆ ಜಾಗಕ್ಕೆ ಬರುವಾಗ ಸಾಲಾಗಿ ಹಲವು ಚಿತ್ರ ತೆಗೆಯಿರಿ. ಹೂವಾದರೆ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿಯಬಹುದು. ಬಲೆಯನ್ನು ಹಾಗೆ ಹಿಡಿಯಲಾಗದು, ಗಾಳಿ ನಿಲ್ಲುವವರೆಗೆ ಕಾಯಬೇಕು.

ಪ್ರಶ್ನೆ ಕೇಳಿದವರು

ಎರಡೂ ಕಡೆ ತಿದ್ದುತ್ತೇನೆ. ಆದರೆ ‘ಫೋಕಸ್ ಆಗುವ ಅತಿ ಹತ್ತಿರದ ದೂರ’ ಚಿತ್ರದ ಕೆಳಗಿನ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ‘ಹತ್ತಿರದ ಮಿತಿ’ ಎಂದರೆ ಅರ್ಥವಾದೀತೇ?

ಉತ್ತರ 1

ನನಗಂತೂ ಮೊದಲ ಓದಿಗೆ ಅರ್ಥವಾಗಲಿಲ್ಲ. ‘ಫೋಕಸ್ ಮಿತಿ’ ನೋಡಿ.